ನಾಲ್ಕನೆಯ ಬದಿ

ಸಾರಿನ ರುಚಿ ನೋಡದೆ ಮೇಲಿಂದ ಉಪ್ಪು ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪ್ರೋಗ್ರಾಮನ್ನು ಒಮ್ಮೆಯೂ ಓಡಿಸಿ ನೋಡದೆ ತಿದ್ದುವವರೂ ಅದೇ ಪೈಕಿ. ನಮ್ಮ ಮುಖ್ಯಾಧ್ಯಾಪಕ ವಿರುಪಾಕ್ಷಪ್ಪನವರು ಎರಡನ್ನೂ ಮಾಡುವವರು. ಅವರ ಊಟದ ಡಬ್ಬಿಯ ಸಂಗತಿ ನನಗೆ ಬೇಡ. ಸೌಂದರ್ಯಾಳ ಪ್ರೋಗ್ರಾಮಿಗೆ ಅವರು ಸುರಿದ ಉಪ್ಪಿನ ಮಾತು ಮಾತ್ರ ಹೇಳುತ್ತೇನೆ.

ನಾನು ಉಜ್ವಲಾ. ಏಕಸಂಬಿಯ ಆಚೆ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಒಂಬತ್ತನೇ ತರಗತಿಯವರಿಗೆ ಪೈಥಾನ್. ಮಕ್ಕಳಿಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಟರ್ಟಲ್. ಪರದೆಯ ನಡುವೆ ಬಾಣದ ತುದಿಯಂಥದೊಂದು ನಿಂತಿರುತ್ತದೆ, ಅದೇ ಆಮೆ. ಇಷ್ಟು ಮುಂದೆ ಹೋಗು ಎಂದರೆ ಗೆರೆ ಎಳೆಯುತ್ತ ಹೋಗುತ್ತದೆ. ಇಷ್ಟು ಡಿಗ್ರಿ ಬಲಕ್ಕೆ ತಿರುಗು ಎಂದರೆ ನಿಂತಲ್ಲೇ ತಿರುಗುತ್ತದೆ. ಪೆನ್ನು ಎತ್ತು ಎಂದರೆ ಗೆರೆ ಎಳೆಯದೆ ಸುಮ್ಮನೆ ನಡೆಯುತ್ತದೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಬದಲು ಲೂಪ್ ಹಾಕಿದರೆ, ಎಷ್ಟು ಸಲ ಅಂದೆವೋ ಅಷ್ಟು ಸಲ ಅದೇ ಕೆಲಸ ಮಾಡುತ್ತದೆ. ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ. ಈ ಗುಣ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಇಲ್ಲ.

ಮೊದಲ ವಾರ ಸಮಬಾಹು ತ್ರಿಕೋನ ಬರೆಯಲು ಹೇಳಿದೆ. ಇಡೀ ತರಗತಿ ಅರವತ್ತು ಡಿಗ್ರಿ ತಿರುಗಿಸಿ ಕೂತಿತ್ತು. ಗಣಿತ ಕಲಿಸುವವರು ಇದೇ ವಿರುಪಾಕ್ಷಪ್ಪನವರು. ತ್ರಿಕೋನದ ಕೋನ ಅರವತ್ತು ಎಂದು ಬೋರ್ಡಿನ ಮೇಲೆ ಬರೆಸಿ ಬರೆಸಿ ಮಕ್ಕಳ ತಲೆಯಲ್ಲಿ ಅದು ಕೂತುಬಿಟ್ಟಿತ್ತು. ಆಮೆ ಮಾತ್ರ ತ್ರಿಕೋನ ಮುಚ್ಚಲಿಲ್ಲ, ಅರ್ಧ ಷಟ್ಕೋನ ಬರೆದು ನಿಂತಿತು. ಆಗ ಎದ್ದು ನಿಂತವಳು ಸೌಂದರ್ಯಾ ಒಬ್ಬಳೇ.

"ಮಿಸ್, ಒಳಗಿನ ಕೋನ ಅರವತ್ತು ಖರೆ. ಆದ್ರ ಆಮಿ ಒಳಗ ಕುಂತಿಲ್ಲ, ಗೆರಿ ಮ್ಯಾಲ ನಡೀತೈತಿ. ಅದು ಹೊರಗಿನ ಕೋನದಷ್ಟು ತಿರುಗಬೇಕಲ್ರಿ? ನೂರಾ ಇಪ್ಪತ್ತು."

ತಿದ್ದಿ ಓಡಿಸಿದಳು. ತ್ರಿಕೋನ ಮುಚ್ಚಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸೌಂದರ್ಯಾ, ಭರಮು ಮತ್ತು ಮಲಕವ್ವ ಎಂಬ ದಂಪತಿಯ ಮಗಳು. ಅವರಿಗೆ ಸ್ವಲ್ಪ ಹೊಲವಿದೆ, ಅದರ ಜೊತೆಗೆ ಕುರಿ ಹಿಂಡು. ಕಬ್ಬು ಕಡಿದ ಮೇಲೆ ಯಡೂರಿನ ಕಡೆಯ ಹೊಲದವರು ಇವರನ್ನು ಕರೆದು, ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಕೂರಿಸಿಕೊಳ್ಳುತ್ತಾರೆ. ಗೂಟ ಬಡಿದು, ಸುತ್ತ ಬಲೆ ಕಟ್ಟಿ, ಒಳಗೆ ಕುರಿ ತುಂಬುತ್ತಾರೆ. ಅದಕ್ಕೆ ದಡ್ಡಿ ಎನ್ನುತ್ತಾರೆ. ಮರುದಿನ ದಡ್ಡಿ ಪಕ್ಕದ ಜಾಗಕ್ಕೆ ಸರಿಯುತ್ತದೆ. ಹೀಗೆ ಸರಿಯುತ್ತ ಸರಿಯುತ್ತ ಇಡೀ ಹೊಲಕ್ಕೆ ಗೊಬ್ಬರ ಸಿಗುತ್ತದೆ.

ಪ್ರಾಜೆಕ್ಟಿಗೆ ನಾನು ಕೊಟ್ಟ ವಿಷಯ ಸರಳ: ಲೂಪ್ ಬಳಸಿ ಆಮೆಯಿಂದ ಒಂದು ಆಕಾರ ಬರೆಸಿ. ತರಗತಿಗೆ ತರಗತಿಯೇ ಬಣ್ಣದ ಹೂವು ತಂದಿತು. ಎಲ್ಲರದೂ ಒಂದೇ ಹೂವು, ಒಂದೇ ಬಣ್ಣ, ನೆಟ್‌ನಿಂದ ಇಳಿಸಿದ್ದು. ಒಬ್ಬ ಮಹಾಶಯ ಮೂಲ ಬರೆದವನ ಹೆಸರನ್ನೂ ಅಳಿಸಿರಲಿಲ್ಲ. ಸೌಂದರ್ಯಾ ತಂದದ್ದು ದಡ್ಡಿಗಳ ಸಾಲು. ಅಂಟಿಕೊಂಡ ಆರು ಚೌಕ, ಕಪ್ಪು ಗೆರೆ, ಅಷ್ಟೇ. ನೋಡಲು ಚಂದವೇನಲ್ಲ. ಆದರೆ ಅದು ಅವಳ ತಲೆಯಿಂದ ಬಂದದ್ದು.

ಅವಳ ಪ್ರೋಗ್ರಾಮಿನಲ್ಲಿ ಲೂಪಿನೊಳಗೆ ಲೂಪ್ ಇತ್ತು. ಹೊರಗಿನದು ದಡ್ಡಿಗಳನ್ನು ಎಣಿಸುವುದು. ಒಳಗಿನದು ಒಂದು ದಡ್ಡಿಯ ಬದಿಗಳನ್ನು ಎಳೆಯುವುದು: ಅರವತ್ತು ಮುಂದೆ, ತೊಂಬತ್ತು ಡಿಗ್ರಿ ಬಲಕ್ಕೆ. ಇದು ಮೂರು ಸಲ. ನಾಲ್ಕಲ್ಲ, ಮೂರು. ನಾನೂ ಮೊದಲು ಕಣ್ಣು ಹಿಗ್ಗಿಸಿದೆ.

"ಮೂರು ಯಾಕ?" ಎಂದೆ.

"ದಡ್ಡಿ ಸರಿಸುವಾಗ ನಾಕೂ ಕಡಿ ಬಲಿ ಕೀಳೂದಿಲ್ರಿ ಮಿಸ್. ಮುಂದಿನ ದಡ್ಡಿಗೆ ಹೊಂದಿದ್ದ ಕಡಿ ಹಂಗ ನಿಂತಿರ್ತೈತಿ. ಉಳಿದ ಮೂರು ಕಿತ್ತು ಆ ಕಡಿ ಕಟ್ಟತೀವಿ. ಇಲ್ಲೂ ಹಂಗ. ಮೊದಲ ಒಂದ ಗೆರಿ ಎಳೀತೀನಿ, ಲೂಪಿಗಿಂತ ಮುಂಚೆ. ಆಮ್ಯಾಲ ಒಂದೊಂದು ದಡ್ಡಿಗೂ ಮೂರ ಬದಿ. ನಾಕನೇದ್ದು ಮೊದಲ ಇರ್ತೈತಲ್ರಿ."

ಮೂರು ಬದಿ ಮುಗಿದಾಗ ಆಮೆ ಹಳೆಯ ಗೋಡೆಯ, ಅಂದರೆ ಎಡಗಡೆ ಮೊದಲೇ ಎಳೆದಿದ್ದ ಗೆರೆಯ, ಬುಡದಲ್ಲಿ ಮೇಲ್ಮುಖವಾಗಿ ನಿಂತಿರುತ್ತದೆ. ಅಲ್ಲಿ ಪೆನ್ನು ಎತ್ತಿಸಿ, ಅರವತ್ತು ಮುಂದೆ ನಡೆಸಿ, ಬಲಕ್ಕೆ ತಿರುಗಿಸಿ, ಮತ್ತೆ ಅರವತ್ತು ನಡೆಸಿ ಪೆನ್ನು ಇಳಿಸಿದ್ದಳು. ಅಂದರೆ ಈಗಷ್ಟೇ ಕಟ್ಟಿದ ಗೋಡೆಯ ಮೇಲ್ತುದಿಗೆ ಬಂದು, ಮುಂದಿನ ದಡ್ಡಿಗೆ ಮುಖ ಮಾಡಿ ಸಜ್ಜು. ಕಾಗದದ ಮೇಲೆ ಬೆರಳಿಟ್ಟು ನಾನೂ ನಡೆದು ನೋಡಿದೆ. ಎಲ್ಲಿಯೂ ತಪ್ಪಿಲ್ಲ. ಎಳೆದ ಗೆರೆಯ ಮೇಲೆ ಅವಳ ಆಮೆ ಎರಡನೇ ಸಲ ಗೆರೆ ಎಳೆಯುವುದೇ ಇಲ್ಲ.

ಚಿಕ್ಕೋಡಿಯಲ್ಲಿ ತಾಲೂಕು ಮಟ್ಟದ ಪ್ರದರ್ಶನವಿತ್ತು. ಶಾಲೆಗೊಂದೇ ಪ್ರಾಜೆಕ್ಟು. ನಾನು ಸೌಂದರ್ಯಾಳ ಹೆಸರು ಕೊಟ್ಟೆ. ಆಗ ವಿರುಪಾಕ್ಷಪ್ಪನವರಿಗೆ ಪ್ರಾಜೆಕ್ಟ್ ನೋಡುವ ಉಮೇದು ಬಂತು. ತರಗತಿ ನಡೆಯುತ್ತಿದ್ದಾಗಲೇ ಲ್ಯಾಬಿಗೆ ಬಂದರು, ಗೋಡೆಗೆ ಒರಗಿಸಿದ್ದ ಚಾರ್ಟು ಓದಿದರು. ಅದರಲ್ಲಿ ಪ್ರೋಗ್ರಾಮನ್ನು ಸೌಂದರ್ಯಾ ಕೈಯಿಂದ ಬರೆದಿದ್ದಳು. ಮೂರರ ಮೇಲೆ ಬೆರಳಿಟ್ಟರು.

"ಏನವಾ, ಚೌಕಕ್ಕ ಎಷ್ಟು ಬದಿ?"

"ನಾಕ್ರಿ ಸರ್."

"ಮತ್ತ ಇಲ್ಲಿ ಮೂರು ಬರದಿಯಲ್ಲ?"

"ಒಂದು ಮೊದಲ ಇರ್ತೈತ್ರಿ ಸರ್."

"ಮೊದಲ ಇರ್ತೈತಂತ!" ಅವರು ತರಗತಿಯ ಕಡೆ ತಿರುಗಿದರು. "ಕೇಳಿದ್ರೇನಪಾ? ಕುರಿ ಕಾಯೂ ಮನಿಯಾಗ ಚೌಕಕ್ಕ ಮೂರ ಬದಿ ಅಂತ!"

ಮಕ್ಕಳು ನಕ್ಕರು. ಮಕ್ಕಳನ್ನು ಬಯ್ಯುವುದಿಲ್ಲ, ಮುಖ್ಯಾಧ್ಯಾಪಕರು ನಕ್ಕಾಗ ನಗದಿದ್ದರೆ ಏನಾಗುತ್ತದೆಂದು ಅವಕ್ಕೆ ಗೊತ್ತು. ಸೌಂದರ್ಯಾಳ ಕಿವಿ ಕೆಂಪಾದವು. ನನಗೆ ತಡೆಯಲಾಗಲಿಲ್ಲ.

"ಸರ್, ಓಡಿಸಿ ತೋರಸ್ತೀನಿ, ಒಂದ ನಿಮಿಷ ಕೂಡ್ರಿ," ಎಂದೆ.

"ಓಡಸೂದು ಬಿಡ್ರಿ ಮ್ಯಾಡಮ್ಮಾರ. ಓದಿದ್ರ ತಿಳೀತೈತಿ. ಅಲ್ಲಿ ಬರೂ ಜಡ್ಜ್ ಮಂದಿ ಮೊದಲ ಚಾರ್ಟ್ ನೋಡ್ತಾರ. ಶಾಲಿ ಮಾನ ಹೋಗ್ತೈತಿ. ನಾಕ ಮಾಡ್ಸ್ರಿ."

"ಮಾಡ್ಸೂದಿಲ್ರಿ. ಮೂರ ಬರೋಬರ ಐತಿ."

ಅವರು ನನ್ನನ್ನು ಮೇಲೆ ಕೆಳಗೆ ನೋಡಿ ಹೊರಟುಹೋದರು. ಗೆದ್ದೆ ಅಂದುಕೊಂಡೆ. ನನಗೆ ಬುದ್ಧಿ ಇರಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ನನಗೆ ಒಂದು ಹೊಸ ಕೆಲಸ ಹುಟ್ಟಿತು. ಹತ್ತನೆಯವರ ಕಿರುಪರೀಕ್ಷೆಗೆ ಮೇಲ್ವಿಚಾರಣೆ ಮಾಡಬೇಕಂತೆ. ಹಿಂದಿನ ದಿನದವರೆಗೆ ಆ ಪರೀಕ್ಷೆಯ ಸುದ್ದಿಯೇ ಇರಲಿಲ್ಲ. ಹುಡುಗಿಯನ್ನೂ ಲ್ಯಾಪ್‌ಟಾಪನ್ನೂ ಚಾರ್ಟನ್ನೂ ಮುಖ್ಯಾಧ್ಯಾಪಕರೇ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ನಾನು ಪರೀಕ್ಷೆ ಮುಗಿಸಿ, ಸಿಕ್ಕ ಬಸ್ಸು ಹತ್ತಿ, ಪುಣ್ಯಕ್ಕೆ ನಿಲ್ಲಲು ಜಾಗ ಸಿಕ್ಕಿ, ಚಿಕ್ಕೋಡಿ ಮುಟ್ಟಿದೆ. ಸಭಾಂಗಣದೊಳಗೆ ಹೋಗುವಾಗ ತೀರ್ಪುಗಾರರು ನಮ್ಮ ಟೇಬಲ್ಲಿನ ಮುಂದೆಯೇ ನಿಂತಿದ್ದರು. ಸುಜಯ ಎಂದು ಅವರ ಹೆಸರು, ನಿಪ್ಪಾಣಿ ಕಡೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಚಿಕ್ಕ ವಯಸ್ಸಿನವರು.

ಪರದೆಯ ಮೇಲೆ ಆಮೆ ಓಡುತ್ತಿತ್ತು. ಮೊದಲ ಚೌಕ ಬರೆಯಿತು. ಎರಡನೆಯದನ್ನು ಪಕ್ಕದಲ್ಲಿ ಬರೆಯುವ ಬದಲು ಕೆಳಗೆ ಬರೆಯಿತು. ಮೂರನೆಯದು ಅದರ ಎಡಕ್ಕೆ. ನಾಲ್ಕನೆಯದು ಅದರ ಮೇಲೆ. ಐದನೆಯದು ಮೊದಲನೆಯ ಚೌಕದ ಮೇಲೆಯೇ, ಆರನೆಯದು ಎರಡನೆಯದರ ಮೇಲೆ. ಆರು ದಡ್ಡಿಗಳ ಸಾಲು ಇರಬೇಕಾದಲ್ಲಿ ನಾಲ್ಕು ಗಾಜಿನ ಕಿಟಕಿ ನಿಂತಿತ್ತು.

"ಹೊಲದ ಉದ್ದಕ್ಕೂ ಸಾಲು ಅಂತ ಚಾರ್ಟಿನಾಗ ಬರದೀರಿ," ಎಂದರು ಸುಜಯ. "ಇದು ಒಂದ ಕಡೆ ಸುತ್ತಾಕತ್ತೈತಲ್ಲ?"

ಸೌಂದರ್ಯಾ ಬಾಯಿ ತೆರೆಯುವ ಮೊದಲೇ ವಿರುಪಾಕ್ಷಪ್ಪನವರು ಅಂದರು, "ಹುಡುಗಿ ತಪ್ಪ ಮಾಡ್ಯಾಳ್ರಿ. ನಾ ಮೊದಲ ಹೇಳಿದ್ದೆ. ಹಳ್ಳಿ ಹುಡುಗರ್ರಿ, ತಿಳಿಯೂದಿಲ್ಲ."

ನಾಲ್ಕು ಮಾಡಿಸಿ ಎಂದವರೂ ಅವರೇ, ತಪ್ಪು ಹುಡುಗಿಯದು ಎಂದವರೂ ಅವರೇ! ಸುಜಯ ತಮ್ಮ ಹಾಳೆಯಲ್ಲಿ ಏನೋ ಗುರುತು ಹಾಕಿ ಮುಂದಿನ ಟೇಬಲ್ಲಿಗೆ ಹೊರಟರು. ನಾನು ಚಾರ್ಟು ನೋಡಿದೆ. ಮೂರು ಇದ್ದ ಜಾಗದಲ್ಲಿ ವೈಟ್ನರ್ ಬಳಿದು ಅದರ ಮೇಲೆ ನಾಲ್ಕು ಬರೆದಿತ್ತು. ಅಕ್ಷರ ಸೌಂದರ್ಯಾಳದಲ್ಲ. ಬಾಲ ಎಳೆದ ಆ ನಾಲ್ಕನ್ನು ನಾನು ಹಾಜರಿ ಪುಸ್ತಕದಲ್ಲಿ ದಿನಾ ನೋಡುತ್ತೇನೆ.

"ಫೈಲಿನಾಗೂ ತಿದ್ದ್ಯಾರೇನ?" ಎಂದು ಹುಡುಗಿಯನ್ನು ಕೇಳಿದೆ.

"ಕಾರಿನ್ಯಾಗ ಸರ್ ತಿದ್ದ್ಯಾರ್ರಿ ಮಿಸ್. ಬ್ಯಾಡ್ರಿ ಸರ್ ಅಂದೆ. ಗಪ್ಪ ಕುಂದ್ರು ಅಂದ್ರು."

ನಾಲ್ಕು ಸಲ ತಿರುಗಿದರೆ ಆಮೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ, ಹೊರಟ ದಿಕ್ಕಿಗೇ ಮುಖ ಮಾಡಿ. ಅಲ್ಲಿಂದ ಮುಂದಿನ ನಡಿಗೆಯಲ್ಲೆಲ್ಲ ಒಂದು ತಿರುವು ಹೆಚ್ಚಾಗುತ್ತದೆ. ಪ್ರತಿ ದಡ್ಡಿಗೂ ಆಮೆಯ ಮುಖ ಬಲಕ್ಕೆ ಹೊರಳುತ್ತ, ಪಾಪ, ಅದು ಸುತ್ತುತ್ತಲೇ ಇರುತ್ತದೆ. ಒಂದೇ ಒಂದು ಸಲ ಓಡಿಸಿ ನೋಡಿದ್ದರೆ ಈ ಮನುಷ್ಯನಿಗೆ ಅದು ಕಾಣುತ್ತಿತ್ತು. ಓಡಿಸಲು ಒಂದು ಗುಂಡಿ ಒತ್ತಬೇಕು. ಅಷ್ಟೂ ಮಾಡಲಿಲ್ಲ.

ನಾನು ಹೋಗಿ ಸುಜಯರನ್ನು ಅಡ್ಡಗಟ್ಟಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ, ದನಿ ಮಾತ್ರ ಎತ್ತರದಲ್ಲಿತ್ತು. ಅಕ್ಕಪಕ್ಕದ ಶಾಲೆಯವರು ತಿರುಗಿ ನೋಡಿದರು. ಸುಜಯ ಮುಜುಗರದಿಂದಲೇ ವಾಪಸು ಬಂದರು. ಬರುವುದರೊಳಗೆ ಸೌಂದರ್ಯಾ ನಾಲ್ಕನ್ನು ಅಳಿಸಿ ಮೂರು ಬರೆದಿದ್ದಳು. ಓಡಿಸಿದಳು. ಒಂದು, ಎರಡು, ಮೂರು, ಆರೂ ದಡ್ಡಿಗಳು ಒಂದರ ಪಕ್ಕ ಒಂದು ಬಂದು ನಿಂತವು. ಒಂದೊಂದು ದಡ್ಡಿ ಮುಗಿದಾಗಲೂ ಆಮೆ ಹಳೆಯ ಗೋಡೆಯಗುಂಟ ಗೆರೆ ಎಳೆಯದೆ ಮೇಲೆ ಹತ್ತಿ ಹೋಗುವುದು ಕಾಣುತ್ತಿತ್ತು.

"ಮೂರು ಯಾಕ?" ಅವರೂ ಅದನ್ನೇ ಕೇಳಿದರು.

ಅವಳು ಹೇಳಿದಳು. ದಡ್ಡಿ ಸರಿಸುವ ರೀತಿ ಹೇಳಿದಳು, ಮೊದಲ ಗೋಡೆಯನ್ನು ಲೂಪಿನ ಹೊರಗೆ ಯಾಕೆ ಇಟ್ಟೆ ಎಂದು ಹೇಳಿದಳು, ಮೂರು ತಿರುವಿನ ನಂತರ ಆಮೆಯ ಮುಖ ಎತ್ತ ಇರುತ್ತದೆ ಎಂಬುದನ್ನು ಕೈ ತಿರುಗಿಸಿ ತೋರಿಸಿದಳು. ಸುಜಯ ಕೇಳುತ್ತ ಕೇಳುತ್ತ ಕುರ್ಚಿ ಎಳೆದು ಕೂತರು.

"ಛಲೋ ಐತಿ," ಎಂದರು. "ಆದ್ರ ಮೊದಲ ನಾಕ ಇತ್ತಲ್ಲ, ಅದನ್ನ ಯಾರ ಹಾಕಿದ್ರು?"

ಸೌಂದರ್ಯಾ ನನ್ನ ಮುಖ ನೋಡಲಿಲ್ಲ. ನೆಟ್ಟಗೆ ನಿಂತು, "ಸರ್ ಹಾಕ್ಯಾರ್ರಿ," ಎಂದಳು.

ವಿರುಪಾಕ್ಷಪ್ಪನವರು ಕೆಮ್ಮಿದರು. ನೀರು ಕುಡಿಯಲು ಹೊರಗೆ ಹೋದರು. ಸಂಜೆ ಫಲಿತಾಂಶ ಹೇಳಿದಾಗ ನಮ್ಮ ಶಾಲೆ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿತ್ತು. ಹಾರ ಹಾಕಿಸಿಕೊಂಡು ಫೋಟೋಕ್ಕೆ ನಡುವೆ ನಿಂತವರು ಯಾರೆಂದು ಕೇಳಬೇಡಿ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಸಿಟ್ಟು ನುಂಗಿಕೊಳ್ಳುತ್ತಿದ್ದೆ. ಸೋಮವಾರ ವಿರುಪಾಕ್ಷಪ್ಪನವರು ಮಲಕವ್ವನನ್ನು ಶಾಲೆಗೆ ಕರೆಸಿದರು, ಮಗಳನ್ನೂ ಆಫೀಸಿನಲ್ಲಿ ನಿಲ್ಲಿಸಿದರು. ಭರಮು ಕುರಿಗಳ ಹಿಂದೆ ನದಿಯ ಆಚೆ ಹೋಗಿದ್ದ. ನನ್ನನ್ನು ಕರೆಯದಿದ್ದರೂ ನಾನೂ ಹೋಗಿ ಕೂತೆ. ಮೇಜಿನ ಮೇಲೆ ಬೆಳಗಾವಿಯ ಜಿಲ್ಲಾ ಪ್ರದರ್ಶನದ ಪ್ರವೇಶಪತ್ರ ಇತ್ತು. ಮುಖ್ಯಾಧ್ಯಾಪಕರ ಸಹಿ ಬೀಳದೆ ಅದು ಮುಂದೆ ಹೋಗುವುದಿಲ್ಲ. ಪಕ್ಕದಲ್ಲಿ ಹೊಸ ಚಾರ್ಟು, ಆಗಲೇ ಬರೆಸಿದ್ದರು. ಅದರಲ್ಲಿ ಮೂರು ಇತ್ತು. ಕೆಳಗೆ ದಪ್ಪ ಅಕ್ಷರದಲ್ಲಿ 'ಮಾರ್ಗದರ್ಶನ: ವಿರುಪಾಕ್ಷಪ್ಪ'.

"ನೋಡವಾ ಮಲಕವ್ವ," ಎಂದರು ಮುಖ್ಯಾಧ್ಯಾಪಕರು, ಬಹಳ ಮೆತ್ತಗೆ. "ನಿನ್ನ ಮಗಳು ಹತ್ತು ಮಂದ್ಯಾಗ ನನ್ನ ಮಾನ ತಗದಾಳ. ನಾ ಸಿಟ್ಟ ಮಾಡೂದಿಲ್ಲ, ಹುಡುಗಿ. ಒಂದು ಕಾಗದ ಬರದ ಕೊಡ್ಲಿ. 'ನಾನು ತಪ್ಪಾಗಿ ನಾಲ್ಕು ಎಂದು ಬರೆದಿದ್ದೆ. ಮುಖ್ಯಾಧ್ಯಾಪಕರು ಮೂರು ಎಂದು ತಿದ್ದಿಸಿದರು. ಗಾಬರಿಯಲ್ಲಿ ಸುಳ್ಳು ಹೇಳಿದೆ.' ಇಷ್ಟ. ನಾ ಸಹಿ ಹಾಕ್ತೀನಿ, ಆಕಿ ಬೆಳಗಾವಿಗೆ ಹೋಗ್ತಾಳ."

ಕಳ್ಳತನ ನೋಡಿದ್ದೇನೆ. ಕದ್ದವನು ಕಳೆದುಕೊಂಡವರ ಕೈಯಲ್ಲಿ ರಸೀದಿ ಬರೆಸಿಕೊಳ್ಳುವುದನ್ನು ಅವತ್ತೇ ನೋಡಿದ್ದು.

"ಸರ್, ನಾಚಿಕಿ ಆಗೂದಿಲ್ಲೇನ್ರಿ ನಿಮಗ?" ಎಂದೆ.

"ನೀವ ನಡುವ ಬರಬ್ಯಾಡ್ರಿ ಮ್ಯಾಡಮ್ಮಾರ. ನಿಮ್ಮ ನೌಕರಿ ಇನ್ನೂ ಕಾಯಂ ಆಗಿಲ್ಲ."

ಮಲಕವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳಿಗೆ ಕಂಪ್ಯೂಟರಿನ ಗಂಧ ಗಾಳಿ ಇಲ್ಲ. ಅವಳು ಕೇಳಿದ್ದು ಒಂದೇ. "ಸರ್ರ, ನಾಕ ಅಂತ ನೀವ ಬರದ್ರೋ, ನನ್ನ ಮಗಳ ಬರದ್ಳೋ?"

"ಅದು ಈಗ ಮುಖ್ಯ ಅಲ್ಲವಾ."

"ಮತ್ತ ಮುಖ್ಯ ಇರದಿದ್ರ ಯಾಕ ಬರಸ್ತೀರಿ?"

ಅವರು ಒಂದು ಬಿಳಿ ಹಾಳೆಯನ್ನು ಸೌಂದರ್ಯಾಳ ಮುಂದೆ ಸರಿಸಿದರು, ಪ್ರವೇಶಪತ್ರವನ್ನು ತಮ್ಮ ಕಡೆ ಎಳೆದುಕೊಂಡರು. ಅಂದರೆ ಬರೆದರೆ ಬೆಳಗಾವಿ, ಇಲ್ಲದಿದ್ದರೆ ಇಲ್ಲ. ಅವಳಿಗೆ ಹೋಗುವ ಆಸೆ ಎಷ್ಟಿತ್ತೆಂದು ನನಗೆ ಗೊತ್ತು. ಶನಿವಾರದಿಂದ ಅವಳು ದಡ್ಡಿಗಳ ಎರಡನೇ ಸಾಲು ಬರೆಯಲು ಮೂರನೆಯ ಲೂಪ್ ಹಾಕುವುದರಲ್ಲಿದ್ದಳು. ಬರೆದುಬಿಡು, ಹೋಗಲಿ ಎಂದು ನನ್ನ ನಾಲಿಗೆಯ ತುದಿಗೂ ಬಂದಿತ್ತು.

ಸೌಂದರ್ಯಾ ಕೂತಳು. ಪೆನ್ನಿನ ಮುಚ್ಚಳ ತೆಗೆದಳು.

"ಬರೀತೀನ್ರಿ ಸರ್," ಎಂದಳು.

ಮಲಕವ್ವ, "ಏ!" ಎಂದಳು. ಹುಡುಗಿ ತಾಯಿಯ ಕಡೆ ನೋಡಲಿಲ್ಲ. 'ಮುಖ್ಯಾಧ್ಯಾಪಕರು ನಾಲ್ಕನ್ನು ಮೂರು ಎಂದು ತಿದ್ದಿಸಿದರು, ಏಕೆಂದರೆ' ಎಂದು ದುಂಡಗೆ ಬರೆದು ಪೆನ್ನು ನಿಲ್ಲಿಸಿದಳು.

"ಮುಂದ ಹೇಳ್ರಿ ಸರ್."

"ಮುಂದ ಏನೈತಿ? ಸಹಿ ಮಾಡು."

"ಬೆಳಗಾವ್ಯಾಗ ಮೂರು ಯಾಕ ಅಂತ ಕೇಳ್ತಾರ್ರಿ. ನೀವ ತಿದ್ದಿಸಿದ್ದು ಅಂದಮ್ಯಾಲ ನೀವ ಹೇಳಿದ ಕಾರಣ ಹೇಳಬೇಕಲ್ರಿ. ನಂದು ಹೇಳಿದ್ರ ಮತ್ತ ಸುಳ್ಳ ಆಗ್ತೈತಿ. ಯಾಕ ಮೂರು ಅಂತ ಹೇಳ್ರಿ, ಬರಕೋತೀನಿ."

ದನಿಯಲ್ಲಿ ಕುಹಕವಿರಲಿಲ್ಲ. ನೋಟ್ಸ್ ಬರೆದುಕೊಳ್ಳುವ ವಿದ್ಯಾರ್ಥಿಯ ಹಾಗೆ ತಲೆ ಎತ್ತಿ ಕಾದಳು.

ವಿರುಪಾಕ್ಷಪ್ಪನವರು ಕನ್ನಡಕ ಸರಿಮಾಡಿಕೊಂಡರು. "ಅದು... ಯಾಕಂದ್ರ... ಚೌಕಕ್ಕ..." ಎಂದರು. ಚಾರ್ಟಿನ ಕಡೆ ನೋಡಿದರು. ಹೊಸ ಚಾರ್ಟಿನಲ್ಲಿ ಪ್ರೋಗ್ರಾಮ್ ಇತ್ತು, ಕಾರಣ ಇರಲಿಲ್ಲ. "ಚೌಕಕ್ಕ ಬದಿ..." ಎಂದು ಮತ್ತೆ ಶುರು ಮಾಡಿದರು. ಇಷ್ಟು ದಿನವಾದರೂ ಆ ಮನುಷ್ಯ ಪ್ರೋಗ್ರಾಮನ್ನು ಓಡಿಸಿ ನೋಡಿರಲಿಲ್ಲ, ಅವಳು ಹೇಳಿದ್ದನ್ನು ಕಿವಿಗೆ ಹಾಕಿಕೊಂಡಿರಲೂ ಇಲ್ಲ. ಎರಡು ಸಲ ಅವರ ಎದುರೇ ಹೇಳಿದ್ದಳು.

"ಹೇಳ್ರಿ ಸರ್ರ," ಎಂದಳು ಮಲಕವ್ವ. "ಹುಡುಗಿ ಪೆನ್ ಹಿಡಕೊಂಡ ಕುಂತೈತಿ."

ಜೀವನದಲ್ಲಿ ಮೊದಲ ಸಲ ನಾನು ಸುಮ್ಮನಿದ್ದೆ ಎಂದರೆ ನನ್ನ ಗಂಡ ಈಗಲೂ ನಂಬುವುದಿಲ್ಲ.

ಹೊರಗೆ ಗಂಟೆ ಹೊಡೆಯಿತು. ಮಕ್ಕಳು ಕೂಗುತ್ತ ಮೈದಾನಕ್ಕೆ ಓಡಿದರು. ಸೌಂದರ್ಯಾ ಪೆನ್ನನ್ನು 'ಏಕೆಂದರೆ' ಮುಂದಿನಿಂದ ಕದಲಿಸಲಿಲ್ಲ. ವಿರುಪಾಕ್ಷಪ್ಪನವರು ಪ್ರವೇಶಪತ್ರಕ್ಕೆ ಸಹಿ ಹಾಕಿದರು, ಠಸ್ಸೆ ಒತ್ತಿದರು, ನನ್ನ ಕಡೆ ತಳ್ಳಿದರು. "ಹೋಗ್ರಿ, ಕ್ಲಾಸ್ ಐತಿ ನನಗ," ಎಂದರು.

ಸೌಂದರ್ಯಾ ಅರ್ಧ ಬರೆದ ಹಾಳೆಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಎದ್ದಳು. ಅವರು ಕಾರಣ ಹೇಳಿದ ದಿನ ಬಂದು ಪೂರ್ತಿ ಮಾಡಿಕೊಡುತ್ತೇನೆ ಎಂದು ಹೇಳಿ ಬಂದಳು. ಇವತ್ತಿನವರೆಗೂ ಅವಳನ್ನು ಕರೆಸಿಲ್ಲ.